ಕೀ ಉತ್ತರ ತಪ್ಪಾಗಿದೆ, ಸರ್‌ಗೆ ಹೇಗೆ ಬರೆಯಲಿ?

ಪ್ರಶ್ನೆ: ಸರ್, ನಾನು ಗುಬ್ಬಿಯವಳು. ತುಮಕೂರಿನ ಒಂದು ಕಾಲೇಜಿನಲ್ಲಿ ಬಿಸಿಎ ಮೊದಲ ವರ್ಷ ಓದ್ತಿದ್ದೇನೆ. ಹೋದ ವಾರ ಸಿ ಪ್ರೋಗ್ರಾಮಿಂಗ್ ಮೇಲೆ ಗೂಗಲ್ ಫಾರ್ಮ್‌ನಲ್ಲಿ ಕ್ವಿಜ್ ಕೊಟ್ಟಿದ್ರು. ಹತ್ತು ಪ್ರಶ್ನೆ, ಹತ್ತು ಅಂಕ, ಇಂಟರ್ನಲ್‌ಗೆ ಸೇರುತ್ತೆ. ನನಗೆ 9 ಬಂತು. ಏಳನೇ ಪ್ರಶ್ನೆ ಇದು, ಔಟ್‌ಪುಟ್ ಏನು ಅಂತ:

```c
int i = 5;
printf("%d %d", i++, ++i);
```

ಆಯ್ಕೆಗಳು `5 6`, `6 6`, `5 7`, `6 7`. ನಾನು `5 7` ಕೊಟ್ಟೆ. ಕೀ ಪ್ರಕಾರ `6 6` ಸರಿಯಂತೆ. ಮೊಬೈಲ್‌ನಲ್ಲಿ ರನ್ ಮಾಡಿ ನೋಡಿದೆ, `5 7` ಅಂತಲೇ ಬಂತು. ಸರ್‌ಗೆ ಈ ಪತ್ರ ಬರೆದಿಟ್ಟಿದ್ದೇನೆ: "ಸರ್, 7ನೇ ಪ್ರಶ್ನೆಗೆ ನೀವು ಕೊಟ್ಟ ಉತ್ತರ ಬಿ ತಪ್ಪು. ಸರಿಯಾದದ್ದು ಸಿ. ನಾನು ರನ್ ಮಾಡಿ ನೋಡಿದ್ದೇನೆ. ದಯವಿಟ್ಟು ನನಗೆ ಒಂದು ಮಾರ್ಕ್ ಕೊಡಿ." ಕಳಿಸಲಾ? ಸರ್‌ಗೆ ಕೋಪ ಬಂದ್ರೆ ಇಂಟರ್ನಲ್‌ನಲ್ಲಿ ಕೈ ಇಡ್ತಾರೆ ಅಂತ ಸ್ನೇಹಿತೆಯರು ಹೆದರಿಸ್ತಿದ್ದಾರೆ. ಇನ್ನೊಂದು, ಕೀ ಬದಲಾದ್ರೆ `6 6` ಕೊಟ್ಟವರ ಅಂಕ ಹೋಗುತ್ತಾ? ನನ್ನ ಪಕ್ಕದವಳೇ ಅದನ್ನು ಕೊಟ್ಟಿದ್ದಾಳೆ.

ಉತ್ತರ: ಇನ್ನೂ ಕಳಿಸಿಲ್ಲ ತಾನೆ? ಒಳ್ಳೆಯದಾಯಿತು. ಕೀ ತಪ್ಪು ಅನ್ನೋದು ನಿಜ. ಆದರೆ ನೋಡಮ್ಮ, ನಿನ್ನ ಉತ್ತರವೂ ಸರಿಯಲ್ಲ. ನಾಲ್ಕು ಆಯ್ಕೆಗಳಲ್ಲಿ ಯಾವುದೂ ಸರಿಯಲ್ಲ. ನೀನು ಈ ಪತ್ರ ಕಳಿಸಿದ್ದಿದ್ದರೆ ನಿಮ್ಮ ಸರ್ ಲ್ಯಾಬ್‌ನಲ್ಲಿ ಒಂದು ಸಲ ಓಡಿಸಿ, `5 7` ಬರದೇ ಇದ್ದದ್ದು ನೋಡಿ, "ಹೋಗಮ್ಮ, ಸರಿಯಾಗಿ ಓದು" ಅಂದುಬಿಡುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಕೀಯಲ್ಲಿನ ತಪ್ಪು ಹಾಗೇ ಉಳಿಯುತ್ತಿತ್ತು.

ನಾನು ನಿನ್ನ ಎರಡು ಸಾಲನ್ನು ನಮ್ಮ ಲ್ಯಾಬಿನ ಲಿನಕ್ಸ್ ಯಂತ್ರದಲ್ಲಿ `gcc` ಹಾಕಿ ಓಡಿಸಿದೆ. `6 7` ಬಂತು. ಅದೇ ಯಂತ್ರದಲ್ಲಿ `clang` ಹಾಕಿದೆ. `5 7` ಬಂತು, ನಿನ್ನ ಮೊಬೈಲ್‌ನಲ್ಲಿ ಬಂದ ಹಾಗೆ. ಮೊಬೈಲ್‌ನ ಎಷ್ಟೋ ಸಿ ಆಪ್‌ಗಳ ಒಳಗೆ ಕೂತಿರುವುದು `clang`, ಹಾಗಾಗಿ ಅದರಲ್ಲಿ ಆಶ್ಚರ್ಯವಿಲ್ಲ. ಇನ್ನು ನಿಮ್ಮ ಸರ್ ಕೊಟ್ಟ `6 6` ಎಲ್ಲಿಂದ ಬಂತು? ಅದು ಟರ್ಬೊ ಸಿ ಉತ್ತರ. ನೀಲಿ ಪರದೆಯ ಆ ಹಳೆಯ ಕಂಪೈಲರ್ ಗೊತ್ತಲ್ವಾ? ಈಗಲೂ ಎಷ್ಟೋ ಲ್ಯಾಬ್‌ಗಳಲ್ಲಿ ಡಾಸ್‌ಬಾಕ್ಸ್ ಒಳಗೆ ಅದನ್ನು ಬದುಕಿಸಿಟ್ಟಿದ್ದಾರೆ. ಇಪ್ಪತ್ತು ವರ್ಷ ಹಿಂದಿನ ನೋಟ್ಸ್‌ನಲ್ಲಿ ಇಂಥ ಪ್ರಶ್ನೆಗಳ ಉತ್ತರವೆಲ್ಲ ಟರ್ಬೊ ಸಿಯಲ್ಲಿ ಓಡಿಸಿ ಬರೆದುಕೊಂಡದ್ದು. ಅಂದರೆ ನಿಮ್ಮ ಸರ್ ಸುಮ್ನೆ ಏನೋ ಒತ್ತಿಲ್ಲ. ಅವರ ಕಡೆಗೂ ಒಂದು ಆಧಾರವಿದೆ. ಪತ್ರ ಬರೆಯುವಾಗ ಇದು ನೆನಪಿರಲಿ.

ಒಂದೇ ಸಾಲು, ಮೂರು ಕಂಪೈಲರ್, ಮೂರು ಉತ್ತರ. ಯಾಕೆ ಹೀಗೆ ಅನ್ನೋದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪತ್ರದ ಜೀವ ಇರೋದೇ ಅದರಲ್ಲಿ.

ಕ್ಯಾತಸಂದ್ರದ ಹೋಟೆಲಿನಲ್ಲಿ ಕೂತು ಒಂದು ತಟ್ಟೆ ಇಡ್ಲಿ, ಒಂದು ವಡೆ ಹೇಳುತ್ತೀಯ. ಎರಡೂ ಬರುತ್ತವೆ. ಯಾವುದು ಮೊದಲು ಬರಬೇಕು ಅಂತ ನೀನೂ ಹೇಳಿಲ್ಲ, ಅವರೂ ಮಾತು ಕೊಟ್ಟಿಲ್ಲ. ಇಡ್ಲಿಗೆ ಬೇರೆ ಚಟ್ನಿ, ವಡೆಗೆ ಬೇರೆ ಚಟ್ನಿ ಇದ್ದರೆ ಯಾವುದು ಮೊದಲು ಬಂದರೂ ತೊಂದರೆ ಇಲ್ಲ. ಎರಡಕ್ಕೂ ಒಂದೇ ಬಟ್ಟಲು ಅಂದರೆ? ಮೊದಲು ಬಂದದ್ದು ಎಷ್ಟು ಬಳಿದುಕೊಂಡಿತೋ ಅದರ ಮೇಲೆ ಎರಡನೆಯದಕ್ಕೆ ಉಳಿಯುವುದು ನಿಂತಿದೆ. ನಿನ್ನ ಪ್ರಶ್ನೆಯಲ್ಲಿ `i` ಅನ್ನೋದು ಆ ಬಟ್ಟಲು.

ಫಂಕ್ಷನ್‌ಗೆ ಕೊಡುವ ಆರ್ಗ್ಯುಮೆಂಟ್‌ಗಳಲ್ಲಿ ಯಾವುದನ್ನು ಮೊದಲು ಲೆಕ್ಕ ಹಾಕಬೇಕು ಅಂತ ಸಿ ಭಾಷೆಯ ನಿಯಮ ಹೇಳುವುದಿಲ್ಲ. ಎಡದಿಂದ ಬಲಕ್ಕೆ ಓದುವವರು ನಾವು, ಹಾಗಾಗಿ ಕಂಪೈಲರ್ ಕೂಡ ಎಡದಿಂದಲೇ ಶುರು ಮಾಡುತ್ತೆ ಅಂದುಕೊಳ್ಳುತ್ತೇವೆ. `clang` ಹಾಗೆ ಮಾಡುತ್ತೆ. ಮೊದಲು `i++`, ಅದು 5 ಕೊಟ್ಟು `i`ಯನ್ನು 6 ಮಾಡುತ್ತದೆ. ಆಮೇಲೆ `++i`, ಅದು 7. ಹಾಗೆ `5 7`.

ಟರ್ಬೊ ಸಿ ಬಲದಿಂದ ಶುರು ಮಾಡುತ್ತದೆ. ಅದಕ್ಕೂ ಕಾರಣವಿದೆ. `printf`ಗೆ ಎಷ್ಟು ಆರ್ಗ್ಯುಮೆಂಟ್ ಬರುತ್ತವೆ ಅಂತ ಮೊದಲೇ ಗೊತ್ತಿರುವುದಿಲ್ಲ. ಮೊದಲನೆಯದಾದ ಫಾರ್ಮ್ಯಾಟ್ ಸ್ಟ್ರಿಂಗ್ ಓದಿದ ಮೇಲೆಯೇ ಗೊತ್ತಾಗುವುದು. ಹಾಗಾಗಿ ಅದು ಸ್ಟ್ಯಾಕ್‌ನ ಮೇಲ್ಗಡೆ ಕೈಗೆ ಸಿಗುವ ಹಾಗೆ ಇರಬೇಕು. ಅದು ಮೇಲೆ ಬರಬೇಕಾದರೆ ಕೊನೆಯದನ್ನು ಮೊದಲು ಒಳಗೆ ಹಾಕಬೇಕು. ಟರ್ಬೊ ಸಿ ಕೊನೆಯ `++i` ಲೆಕ್ಕ ಹಾಕಿ 6 ಒಳಗೆ ಹಾಕಿತು. ಆಮೇಲೆ `i++` ಆಗ ಇದ್ದ 6 ಕೊಟ್ಟಿತು, ಬಳಿಕ `i` 7 ಆಯಿತು. ತೆರೆಯ ಮೇಲೆ `6 6`.

`gcc` ಕೂಡ ಇಲ್ಲಿ ಬಲದಿಂದಲೇ ಬಂತು. ಆದರೆ `++i`ಗೆ ಅದು ಬೇರೆ ಪ್ರತಿ ತೆಗೆದಿಡಲಿಲ್ಲ. `i`ಯ ಬೆಲೆಯನ್ನು ಕೊನೆಯಲ್ಲಿ ಓದಿತು. ಅಷ್ಟು ಹೊತ್ತಿಗೆ `i++` ಕೆಲಸ ಮುಗಿಸಿ `i`ಯನ್ನು 7 ಮಾಡಿತ್ತು. ಹಾಗಾಗಿ `6 7`.

ಮೂವರಲ್ಲಿ ಯಾರೂ ನಿಯಮ ಮುರಿದಿಲ್ಲ. ಯಾಕಂದ್ರೆ ಇಲ್ಲಿ ನಿಯಮವೇ ಕೈ ಚೆಲ್ಲಿದೆ. ನಡುವೆ ಒಂದು ತಂಗುದಾಣ ಇಲ್ಲದೆ ಒಂದೇ ವೇರಿಯಬಲ್ ಅನ್ನು ಎರಡು ಸಲ ಬದಲಾಯಿಸಿದರೆ ಅದು ಅನ್‌ಡಿಫೈನ್ಡ್ ಬಿಹೇವಿಯರ್, ಏನು ಬೇಕಾದರೂ ಆಗಬಹುದು ಅಂತ 1989ರ ಆನ್ಸಿ ಸಿ ಕಾಲದಿಂದಲೂ ನಿಯಮ ಇದೆ. ಆ ತಂಗುದಾಣಕ್ಕೆ ಸೀಕ್ವೆನ್ಸ್ ಪಾಯಿಂಟ್ ಅಂತಾರೆ. ಸಾಲಿನ ಕೊನೆಯ ಅರ್ಧವಿರಾಮ ಅಂಥ ಒಂದು ಜಾಗ. ಆರ್ಗ್ಯುಮೆಂಟ್‌ಗಳ ನಡುವಿನ ಅಲ್ಪವಿರಾಮ ಅಲ್ಲ. ಹುಡುಗರು ಜಾಸ್ತಿ ಎಡವುವುದು ಇಲ್ಲೇ. ಸಿಯಲ್ಲಿ ಕಾಮಾ ಆಪರೇಟರ್ ಅಂತ ಬೇರೆ ಒಂದಿದೆ, ಅದು ಎಡದ್ದನ್ನು ಮುಗಿಸಿಯೇ ಬಲಕ್ಕೆ ಹೋಗುತ್ತೆ. ನೋಡಲು ಎರಡೂ ಒಂದೇ ಥರ.

"ರನ್ ಮಾಡಿ ನೋಡಿದ್ದೇನೆ" ಅನ್ನೋ ಮಾತು ಈ ಪ್ರಶ್ನೆಯಲ್ಲಿ ಸಾಕ್ಷಿ ಆಗೋದಿಲ್ಲ ಅಂತ ಹೇಳುವುದು ಇದಕ್ಕೇ. ಬೇರೆ ಎಷ್ಟೋ ಪ್ರಶ್ನೆಗೆ ಅದು ಒಳ್ಳೆಯ ಸಾಕ್ಷಿ. ಇಲ್ಲಿ ಮಾತ್ರ ನಿನ್ನ ಯಂತ್ರ ಏನು ಮಾಡಿತು ಅನ್ನೋದನ್ನಷ್ಟೇ ಹೇಳುತ್ತೆ. ಭಾಷೆ ಏನು ಹೇಳುತ್ತೆ ಅನ್ನೋದನ್ನು ಹೇಳುವುದಿಲ್ಲ. ಹಾಗೆ ನೋಡಿದರೆ ನಿನ್ನ ಮೊಬೈಲ್ ನಿನಗೆ ಎಚ್ಚರಿಕೆ ಕೊಟ್ಟೇ ಇರಬೇಕು. `clang` ಇಂಥ ಸಾಲು ಕಂಡರೆ ಕೇಳದೆಯೇ `multiple unsequenced modifications to 'i'` ಅಂತ ಒಂದು ವಾರ್ನಿಂಗ್ ಹಾಕುತ್ತೆ. ಎರರ್ ಅಲ್ಲವಲ್ಲ, ನಾವು ಕೆಳಗೆ ಸರಿಸಿ ಔಟ್‌ಪುಟ್ ನೋಡುತ್ತೇವೆ. `gcc` ಸ್ವಲ್ಪ ಸಂಕೋಚದ್ದು, ಕೇಳಿದರೆ ಹೇಳುತ್ತೆ:

```
gcc -Wall q7.c
warning: operation on 'i' may be undefined [-Wsequence-point]
```

ಈ ವಾರ್ನಿಂಗ್ ಸಾಲು ನಿನ್ನ ಔಟ್‌ಪುಟ್‌ಗಿಂತ ಹತ್ತು ಪಟ್ಟು ಬೆಲೆಯ ಸಾಕ್ಷಿ. ಅದಕ್ಕಿಂತ ಗಟ್ಟಿಯಾದದ್ದು ನಿಮ್ಮ ಕಾಲೇಜ್ ಲೈಬ್ರರಿಯಲ್ಲೇ ಇರುವ ಸಾಧ್ಯತೆ ಇದೆ. ಕರ್ನಿಗನ್ ಮತ್ತು ರಿಚಿ ಬರೆದ ಸಿ ಪುಸ್ತಕದ 1988ರ ಎರಡನೇ ಆವೃತ್ತಿ. ಇವರಲ್ಲಿ ರಿಚಿ ಸಿ ಭಾಷೆಯನ್ನು ಕಟ್ಟಿದವರು. ಎರಡನೇ ಅಧ್ಯಾಯದ ಕೊನೆಯ ಭಾಗ, 2.12, ತೆಗೆದು ನೋಡು. ಒಂದೇ `printf` ಒಳಗೆ `++n` ಬರೆದು, ಪಕ್ಕದ ಆರ್ಗ್ಯುಮೆಂಟ್‌ನಲ್ಲಿ ಮತ್ತೆ `n` ಬಳಸಿದ ಒಂದು ಸಾಲನ್ನು ಕೊಟ್ಟು, ಎದುರಿಗೆ `WRONG` ಅಂತ ಬರೆದಿದ್ದಾರೆ. ಅಲ್ಲಿ `n` ಒಂದು ಸಲ ಬದಲಾಗುತ್ತೆ ಅಷ್ಟೇ. ನಿನ್ನ ಪ್ರಶ್ನೆಯಲ್ಲಿ ಎರಡು ಸಲ.

ಇನ್ನು ಕೀ ಹೇಗೆ ತಪ್ಪುತ್ತೆ ಅನ್ನೋ ವಿಚಾರ. ಕಂಪ್ಯೂಟರ್ ತಾನೇ ಅಂಕ ಹಾಕಿದೆ, ಅದು ತಪ್ಪುತ್ತಾ ಅಂತ ಮನೆಯವರು ಕೇಳಬಹುದು. ಗೂಗಲ್ ಫಾರ್ಮ್‌ಗೆ ಸಿ ಗೊತ್ತಿಲ್ಲ, ಗಣಿತವೂ ಗೊತ್ತಿಲ್ಲ. ಮೇಷ್ಟ್ರು ಯಾವ ಆಯ್ಕೆಯ ಮುಂದೆ ಗುರುತು ಹಾಕಿದರೋ ಅದಕ್ಕೂ ನೀನು ಒತ್ತಿದ್ದಕ್ಕೂ ಹೋಲಿಸಿ ನೋಡುತ್ತೆ. ಅಷ್ಟೇ ಅದರ ಕೆಲಸ.

ನನ್ನದೇ ಒಂದು ಕತೆ ಹೇಳುತ್ತೇನೆ. ಒಂದು ಕ್ವಿಜ್‌ನಲ್ಲಿ "ಇವುಗಳಲ್ಲಿ ಯಾವುದು ಕೀವರ್ಡ್ ಅಲ್ಲ" ಅಂತ ಕೇಳಿದ್ದೆ. ಹಿಂದಿನ ರಾತ್ರಿ ಮತ್ತೆ ಓದುವಾಗ "ಅಲ್ಲ" ಬೇಡ ಅನ್ನಿಸಿತು. ಪ್ರಶ್ನೆಯನ್ನು "ಯಾವುದು ಕೀವರ್ಡ್" ಅಂತ ಮಾಡಿದೆ, ಆಯ್ಕೆಗಳನ್ನೂ ತಿದ್ದಿದೆ, ಕೀ ಮುಟ್ಟಲಿಲ್ಲ. ಮಾರನೇ ದಿನ ಚೆನ್ನಾಗಿ ಓದುವ ಹುಡುಗರೆಲ್ಲ ಆ ಪ್ರಶ್ನೆಯಲ್ಲಿ ಬಿದ್ದಿದ್ದರು. ಮಧುಗಿರಿ ಕಡೆಯ ಒಬ್ಬಳು ಎರಡೇ ಸಾಲು ಬರೆದು ಕೇಳಿದಳು. ನಿಜ ಹೇಳಬೇಕಂದ್ರೆ ಮೊದಲ ಐದು ನಿಮಿಷ ನನಗೆ ಸಿಟ್ಟೇ ಬಂತು. ಆಮೇಲೆ ಫಾರ್ಮ್ ತೆಗೆದು ನೋಡಿ ನಾಚಿಕೆಯಾಯಿತು. ಅವಳ ಇಂಟರ್ನಲ್‌ಗೆ ಏನೂ ಆಗಲಿಲ್ಲ. ಆ ಪ್ರಶ್ನೆಯ ಅಂಕವನ್ನು ಅರವತ್ತು ಜನಕ್ಕೂ ಸರಿಮಾಡಲು ಒಂದು ಸಂಜೆ ಹೋಯಿತು, ಅಷ್ಟೇ.

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಫಾರ್ಮ್‌ನ `Responses` ಒಳಗೆ `Frequently missed questions` ಅಂತ ಒಂದು ಪಟ್ಟಿ ಬರುತ್ತೆ, ಜಾಸ್ತಿ ಜನ ತಪ್ಪಿದ ಪ್ರಶ್ನೆಗಳದ್ದು. ಪ್ರಶ್ನೆ ಕಷ್ಟವಾಗಿದ್ದರೂ ಅಲ್ಲಿ ಬರುತ್ತೆ, ಕೀ ತಪ್ಪಿದ್ದರೂ ಅಲ್ಲಿ ಬರುತ್ತೆ. ಯಾವುದು ಅಂತ ತಿಳಿಯಲು ತಪ್ಪಿದವರು ಯಾರು ಅಂತ ನೋಡಬೇಕು. ಕಷ್ಟದ ಪ್ರಶ್ನೆಯನ್ನು ಚೆನ್ನಾಗಿ ಓದುವವರು ಮಾಡಿರುತ್ತಾರೆ, ಉಳಿದವರು ಬಿಟ್ಟಿರುತ್ತಾರೆ. ಇದು ತಿರುಗುಮುರುಗಾಗಿ, 9 ಮತ್ತು 8 ತೆಗೆದವರು ತಪ್ಪಿ, 3 ಮತ್ತು 4 ತೆಗೆದವರು ಸರಿ ಮಾಡಿದ್ದರೆ ಕೀ ಮೇಲೆ ಅನುಮಾನ ಪಡಬೇಕು. ನಿನ್ನ ತರಗತಿಯಲ್ಲಿ ಏಳನೇ ಪ್ರಶ್ನೆ ಹೇಗೆ ಹರಡಿದೆ ಅಂತ ನಿಮ್ಮ ಸರ್‌ಗೆ ಅಲ್ಲೇ ಕಾಣುತ್ತೆ. ಅದನ್ನು ನೀನು ಸರ್ವೆ ಮಾಡಲು ಹೋಗಬೇಡ.

ನಿನ್ನ ಪ್ರಶ್ನೆಯ ತಪ್ಪು ನನ್ನ ತಪ್ಪಿನಂಥದ್ದಲ್ಲ. ಅದು ಇನ್ನೊಂದು ಜಾತಿ. ಗುರುತು ಜಾರಿದ್ದಲ್ಲ, ಪ್ರಶ್ನೆಯೇ ಹಳೆಯ ಪುಸ್ತಕದಿಂದ ಬಂದದ್ದು. ದೊಡ್ಡ ಪರೀಕ್ಷೆಗಳಲ್ಲೂ ಇದು ಆಗಿದೆ. 2024ರ ನೀಟ್‌ನಲ್ಲಿ ಪರಮಾಣುಗಳ ಬಗ್ಗೆ ಒಂದು ಭೌತಶಾಸ್ತ್ರದ ಪ್ರಶ್ನೆ ಇತ್ತು. ಹಳೆಯ ಎನ್‌ಸಿಇಆರ್‌ಟಿ ಪುಸ್ತಕ ಓದಿದವರಿಗೆ ಒಂದು ಉತ್ತರ, ಹೊಸದು ಓದಿದವರಿಗೆ ಇನ್ನೊಂದು. ಮೊದಲು ಎರಡಕ್ಕೂ ಅಂಕ ಕೊಟ್ಟರು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕೋರ್ಟ್ ಐಐಟಿ ದೆಹಲಿಯ ಮೂವರು ತಜ್ಞರನ್ನು ಕೇಳಿಸಿತು. ಅವರು ಒಂದೇ ಉತ್ತರ ಸರಿ ಅಂದರು. ಫಲಿತಾಂಶ ಮತ್ತೆ ಬಂದಾಗ 720ಕ್ಕೆ 720 ತೆಗೆದವರ ಸಂಖ್ಯೆ 61ರಿಂದ 17ಕ್ಕೆ ಇಳಿಯಿತು. ಒಂದು ಪ್ರಶ್ನೆ ಅಷ್ಟೇ. ನಿನ್ನ ಪಕ್ಕದವಳ ಬಗ್ಗೆ ನೀನು ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ ಅನ್ನೋದಕ್ಕೆ ಇದನ್ನು ಹೇಳಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಪತ್ರ. ನಿನ್ನ ಪತ್ರದಲ್ಲಿ ನಾಲ್ಕು ಸಾಲಿದೆ. ನಾಲ್ಕೂ ತೊಂದರೆಯವು.

"7ನೇ ಪ್ರಶ್ನೆ", "ಬಿ", "ಸಿ" ಅಂತ ಬರೆದಿದ್ದೀಯ. ಫಾರ್ಮ್‌ನಲ್ಲಿ ಪ್ರಶ್ನೆಗಳ ಕ್ರಮ ಕಲಸುವ ಸೌಲಭ್ಯ ಇದೆ. ಪ್ರತಿ ಪ್ರಶ್ನೆಗೆ `Shuffle option order` ಅಂತ ಆಯ್ಕೆಗಳನ್ನು ಕಲಸುವುದೂ ಇದೆ. ನಕಲು ಹೊಡೆಯಬಾರದು ಅಂತ ಸಾಮಾನ್ಯವಾಗಿ ಎರಡನ್ನೂ ಹಾಕಿರುತ್ತೇವೆ. ಹಾಗಾಗಿ ನಿನ್ನ ಏಳು ನಿಮ್ಮ ಸರ್‌ಗೆ ಮೂರೋ ಒಂಬತ್ತೋ ಆಗಿರಬಹುದು. ನಿನ್ನ ಎರಡನೇ ಆಯ್ಕೆ ಅವರ ಪರದೆಯಲ್ಲಿ ನಾಲ್ಕನೆಯದಾಗಿರಬಹುದು. ಅವರು ತೆಗೆದು ನೋಡಿ "ಇವಳು ಯಾವುದರ ಬಗ್ಗೆ ಮಾತಾಡ್ತಿದ್ದಾಳೆ" ಅಂದುಕೊಂಡರೆ ಅಲ್ಲಿಗೇ ನಿಲ್ಲುತ್ತೆ. ಪ್ರಶ್ನೆಯನ್ನೇ ಪೂರ್ತಿ ಬರೆ. ಆಯ್ಕೆಯ ಅಕ್ಷರ ಬೇಡ, ಆಯ್ಕೆಯಲ್ಲಿ ಇದ್ದದ್ದನ್ನೇ ಬರೆ. ಫಲಿತಾಂಶದ ಮೇಲ್‌ನಲ್ಲಿ `View score` ಒತ್ತಿದರೆ ಬರುವ ಪುಟದಲ್ಲಿ ಆ ಪ್ರಶ್ನೆ ಕಾಣುವಷ್ಟು ಸ್ಕ್ರೀನ್‌ಶಾಟ್ ತೆಗೆದು ಸೇರಿಸು.

"ನೀವು ಕೊಟ್ಟ ಉತ್ತರ ತಪ್ಪು" ಅಂದರೆ ಮೇಷ್ಟ್ರಿಗೆ ಗೊತ್ತಿಲ್ಲ ಅಂದ ಹಾಗೆ ಕೇಳಿಸುತ್ತೆ. ಕೀಯಲ್ಲಿ ಹೀಗೆ ಕಾಣುತ್ತಿದೆ ಅಂದರೆ ಸಾಕು. ವಿಷಯ ಅದೇ, ಕಿವಿಗೆ ಬೀಳುವುದು ಬೇರೆ. "ರನ್ ಮಾಡಿದ್ದೇನೆ" ಅನ್ನೋದರ ಬಗ್ಗೆ ಆಗಲೇ ಹೇಳಿದೆ. ಕೊನೆಯದು, "ನನಗೆ ಒಂದು ಮಾರ್ಕ್ ಕೊಡಿ". ಅಂಕ ಕೇಳುವ ಪತ್ರಗಳು ನಮಗೆ ದಿನಾ ಬರುತ್ತವೆ. ಓದುವ ಮೊದಲೇ ಮನಸ್ಸು ಬೇಡ ಅಂದಿರುತ್ತೆ. ಪ್ರಶ್ನೆಯನ್ನು ನೋಡಿ ಅಂತ ಕೇಳಿದರೆ ನೋಡುತ್ತೇವೆ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

> ವಿಷಯ: ಸಿ ಕ್ವಿಜ್‌ನ `printf` ಪ್ರಶ್ನೆಯ ಬಗ್ಗೆ ಒಂದು ಸಂದೇಹ
>
> ಸರ್, ನಮಸ್ಕಾರ. ನಾನು ಬಿಸಿಎ ಮೊದಲ ವರ್ಷದ (ಹೆಸರು, ರೋಲ್ ನಂಬರ್).
>
> ಹೋದ ವಾರದ ಕ್ವಿಜ್‌ನಲ್ಲಿ `int i = 5; printf("%d %d", i++, ++i);` ಇದರ ಔಟ್‌ಪುಟ್ ಕೇಳಿದ್ದಿರಿ. ಕೀಯಲ್ಲಿ `6 6` ಅಂತ ಕಾಣುತ್ತಿದೆ. ನಾನು `5 7` ಕೊಟ್ಟಿದ್ದೆ. ಸ್ಕ್ರೀನ್‌ಶಾಟ್ ಸೇರಿಸಿದ್ದೇನೆ.
>
> ಆಮೇಲೆ ನೋಡಿದಾಗ ನನ್ನ ಉತ್ತರವೂ ಸರಿಯಲ್ಲ ಅನ್ನಿಸಿತು. `clang`ನಲ್ಲಿ `5 7`, ಲ್ಯಾಬಿನ `gcc`ಯಲ್ಲಿ `6 7` ಬರುತ್ತಿದೆ. `-Wall` ಹಾಕಿದರೆ `operation on 'i' may be undefined` ಅಂತ ವಾರ್ನಿಂಗ್ ಬರುತ್ತಿದೆ. ಟರ್ಬೊ ಸಿಯಲ್ಲಿ `6 6` ಬರುವುದು ಬಲದಿಂದ ಲೆಕ್ಕ ಹಾಕುವುದರಿಂದ ಅಂತ ಅರ್ಥ ಮಾಡಿಕೊಂಡಿದ್ದೇನೆ. ಕರ್ನಿಗನ್ ಮತ್ತು ರಿಚಿ ಪುಸ್ತಕದ 2.12ರಲ್ಲೂ ಇಂಥ ಸಾಲು ತಪ್ಪು ಅಂತ ಇದೆ.
>
> ನಾನು ಎಲ್ಲಾದರೂ ತಪ್ಪು ತಿಳಿದಿದ್ದರೆ ದಯವಿಟ್ಟು ಹೇಳಿ. ಇಲ್ಲದಿದ್ದರೆ ಈ ಪ್ರಶ್ನೆಯನ್ನು ಒಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. `6 6` ಕೊಟ್ಟವರ ಅಂಕ ಕಡಿಮೆಯಾಗದಂತೆ ಏನಾದರೂ ಮಾಡಲು ಆದರೆ ಒಳ್ಳೆಯದು ಸರ್.

ಕಳಿಸುವ ಮೊದಲು ಇದರಲ್ಲಿರುವುದನ್ನು ನೀನೇ ಮಾಡಿ ನೋಡಿರಬೇಕು. ಲ್ಯಾಬ್‌ನಲ್ಲಿ `gcc` ಓಡಿಸು, ಪುಸ್ತಕ ತೆಗೆದು ಪುಟ ನೋಡು. ನಿಮ್ಮ ಲ್ಯಾಬ್‌ನಲ್ಲಿ ಬೇರೆ ಏನಾದರೂ ಬಂದರೆ ಬಂದದ್ದನ್ನೇ ಬರೆ. ನಾನು ಹೇಳಿದೆ ಅಂತ `6 7` ಬರೆಯಬೇಡ. "ಎಲ್ಲಿ ನೋಡಿದೆ?" ಅಂತ ಸರ್ ಕೇಳಿದರೆ ತೋರಿಸಲು ಬರಬೇಕು. ಕನ್ನಡದಲ್ಲಿ ಬರೆಯುತ್ತೀಯೋ ಇಂಗ್ಲಿಷ್‌ನಲ್ಲೋ ನಿನ್ನಿಷ್ಟ. ಅವರು ತರಗತಿಯಲ್ಲಿ ಯಾವುದರಲ್ಲಿ ಮಾತಾಡುತ್ತಾರೋ ಅದು ಸರಿ.

ಪತ್ರ ಬಿಟ್ಟು ಬೇರೆ ದಾರಿಯೂ ಇದೆ. ಸ್ಟಾಫ್ ರೂಮ್ ಹತ್ತಿರ ನಿಂತು ಬಾಯಲ್ಲಿ ಕೇಳಬಹುದು. ಕೆಲವು ಮೇಷ್ಟ್ರಿಗೆ ಅದೇ ಇಷ್ಟ. ಆದರೆ ಅವರು ಮುಂದಿನ ಪೀರಿಯಡ್‌ಗೆ ಹೊರಟಿರುತ್ತಾರೆ, "ನೋಡೋಣ" ಅಂದು ಮರೆಯುತ್ತಾರೆ. ಹೋಗುವುದಾದರೆ ಪತ್ರ ಕಳಿಸಿ ಮಾರನೇ ದಿನ ಹೋಗು. ತರಗತಿಯ ನಡುವೆ ಎದ್ದು ಕೇಳುವುದು ಬೇಡ. ಅರವತ್ತು ಜನರ ಎದುರು ಯಾರೇ ಆದರೂ ತಮ್ಮ ಮಾತನ್ನು ಹಿಡಿದುಕೊಳ್ಳುತ್ತಾರೆ. ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕುವುದಂತೂ ಬೇಡವೇ ಬೇಡ. ಎಲ್ಲರ ಸಹಿ ಹಾಕಿಸಿದ ಅರ್ಜಿಯೂ ಒಂದು ಪ್ರಶ್ನೆಗೆ ಜಾಸ್ತಿಯಾಯಿತು. ಮೊದಲ ಪತ್ರದಲ್ಲೇ ಎಚ್‌ಒಡಿಗೆ ಪ್ರತಿ ಹಾಕಿದರೆ ಅದು ದೂರು ಆಗುತ್ತೆ. ನೀನು ಕೇಳುತ್ತಿರುವುದು ಸಂದೇಹ.

ತಡ ಮಾಡಬೇಡ. ಹೆದರಿಕೆಗಿಂತ ತಡವೇ ನಿನಗೆ ಜಾಸ್ತಿ ನಷ್ಟ. ಫಾರ್ಮ್‌ನಲ್ಲಿ ಕೀ ತಿದ್ದುವುದು ಒಂದು ನಿಮಿಷದ ಕೆಲಸ. ಆದರೆ ಅಂಕಗಳನ್ನು ಆಗಲೇ ಎಕ್ಸೆಲ್‌ಗೆ ಇಳಿಸಿ ಇಂಟರ್ನಲ್ ಪಟ್ಟಿಗೆ ಸೇರಿಸಿದ್ದರೆ ಆ ಪಟ್ಟಿ ತಾನಾಗಿ ಬದಲಾಗುವುದಿಲ್ಲ. ಒಬ್ಬೊಬ್ಬರದ್ದೂ ಕೈಯಲ್ಲಿ ತಿದ್ದಬೇಕು. ಮೇಲಕ್ಕೆ ಕಳಿಸಿಬಿಟ್ಟಿದ್ದರೆ ಪತ್ರ ವ್ಯವಹಾರ ಬೇರೆ. ಆಗ "ಒಂದು ಅಂಕ ತಾನೇ, ಬಿಡಮ್ಮ" ಅನ್ನುವುದು ಸುಲಭ.

ಕೋಪದ ಬಗ್ಗೆ. ಯಾರೂ ಕೋಪ ಮಾಡಿಕೊಳ್ಳುವುದೇ ಇಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತೆ. ನನಗೇ ಬಂದಿತ್ತಲ್ಲ. ಆದರೆ ಇಂಟರ್ನಲ್‌ಗೆ ಟೆಸ್ಟ್, ಅಸೈನ್‌ಮೆಂಟ್, ಹಾಜರಿ ಅಂತ ಲೆಕ್ಕ ಇರುತ್ತೆ, ಅದಕ್ಕೆ ದಾಖಲೆಯೂ ಇರುತ್ತೆ. ಸಿಟ್ಟಿಗೆ ಕತ್ತರಿಸುವುದು ನಿನ್ನ ಸ್ನೇಹಿತೆಯರು ಅಂದುಕೊಂಡಷ್ಟು ಸುಲಭ ಅಲ್ಲ. ಹೀಗೆ ಮೆತ್ತಗೆ ಬರೆದ ಪತ್ರವೇ ಕೈಯಲ್ಲಿದ್ದರೆ ಅದು ನಿನಗೂ ಒಂದು ದಾಖಲೆ. ಬರೀ ಬಾಯಿಮಾತಿಗಿಂತ ಮೇಲ್ ಒಳ್ಳೆಯದು ಅನ್ನುವುದಕ್ಕೆ ಇದೂ ಒಂದು ಕಾರಣ.

ಅವರು "ನಮ್ಮ ನೋಟ್ಸ್‌ನಲ್ಲಿ `6 6` ಇದೆ, ಪರೀಕ್ಷೆಗೂ ಅದೇ" ಅಂತ ಉತ್ತರ ಕೊಟ್ಟರೆ? ಇದು ಆಗುವ ಸಾಧ್ಯತೆ ಚೆನ್ನಾಗೇ ಇದೆ. ಆಗ ಒಂದೇ ಒಂದು ಸಲ, ಪುಸ್ತಕ ಕೈಯಲ್ಲಿ ಹಿಡಿದು ಹೋಗಿ ಆ ಪುಟ ತೋರಿಸು. ಅದಕ್ಕೂ ಬಗ್ಗದಿದ್ದರೆ ಬಿಟ್ಟುಬಿಡು. ಹತ್ತರಲ್ಲಿ ಒಂಬತ್ತು ಬಂದಿದೆ, ಆ ಒಂದಕ್ಕಾಗಿ ಮೂರನೇ ಸಲ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಸೆಮಿಸ್ಟರ್ ಪರೀಕ್ಷೆಯಲ್ಲಿ ಇದೇ ಬಂದರೆ ಏನು ಮಾಡಬೇಕು ಅಂತ ಮಾತ್ರ ತಿಳಿದಿರು. ಬರೆಯುವ ಪ್ರಶ್ನೆಯಾದರೆ ತರಗತಿಯಲ್ಲಿ ಹೇಳಿಕೊಟ್ಟ ಹಾಗೆ ಬಲದಿಂದ ಲೆಕ್ಕ ಹಾಕಿ ತೋರಿಸು. ಕೆಳಗೆ ಒಂದು ಸಾಲು ಸೇರಿಸು, ಆರ್ಗ್ಯುಮೆಂಟ್‌ಗಳ ಕ್ರಮವನ್ನು ಸಿ ನಿಗದಿ ಮಾಡಿಲ್ಲ, ಇದು ಅನ್‌ಡಿಫೈನ್ಡ್ ಅಂತ. ಗೊತ್ತಿರುವ ಪರೀಕ್ಷಕರು ಅಂಕ ಕೊಡುತ್ತಾರೆ, ಗೊತ್ತಿಲ್ಲದವರೂ ಮೇಲಿನದಕ್ಕೆ ಕೊಡುತ್ತಾರೆ. ಆಯ್ಕೆಯ ಪ್ರಶ್ನೆಯಾದರೆ ಮೊದಲು "ಅನ್‌ಡಿಫೈನ್ಡ್" ಅಥವಾ "ಕಂಪೈಲರ್ ಮೇಲೆ ಅವಲಂಬಿತ" ಅಂತ ಏನಾದರೂ ಇದೆಯಾ ನೋಡು. ಇದ್ದರೆ ಅದು. ಇಲ್ಲದಿದ್ದರೆ ಪಾಠದಲ್ಲಿ ಹೇಳಿದ್ದನ್ನು ಗುರುತಿಸಿ ಬಾ, ಆಮೇಲೆ ಪ್ರಶ್ನಿಸು. ಪರೀಕ್ಷೆ ಹಾಲ್‌ನಲ್ಲಿ ಹೋರಾಟ ಬೇಡ.

ಇನ್ನು ನಿನ್ನ ಪಕ್ಕದವಳ ಅಂಕ. ನಿಮ್ಮ ಸರ್ ಮುಂದೆ ಮೂರು ದಾರಿ ಇರುತ್ತೆ. ಅವಳಿಗೂ 9 ಬಂದಿದೆ, ಏಳನೆಯದು ಸರಿ, ಬೇರೆ ಒಂದು ತಪ್ಪಿದೆ ಅಂತ ಇಟ್ಟುಕೊಳ್ಳೋಣ. ಸರ್ ಕೀಯನ್ನು `6 6`ರಿಂದ `5 7`ಕ್ಕೆ ಬದಲಾಯಿಸಿದರೆ ನಿನಗೆ 10, ಅವಳಿಗೆ 8. ನಿನ್ನ ಮೊದಲ ಪತ್ರ ಕೇಳುತ್ತಿದ್ದದ್ದು ಇದನ್ನೇ. ಒಂದು ತಪ್ಪು ಕೀ ಹೋಗಿ ಇನ್ನೊಂದು ತಪ್ಪು ಕೀ ಬರುತ್ತಿತ್ತು. ಪ್ರಶ್ನೆಯನ್ನೇ ತೆಗೆದುಹಾಕಿದರೆ ಉಳಿಯುವುದು ಒಂಬತ್ತು ಪ್ರಶ್ನೆ. ನಿನಗೆ 9ಕ್ಕೆ 9, ಅವಳಿಗೆ 9ಕ್ಕೆ 8. ಹತ್ತಕ್ಕೆ ಏರಿಸಿದರೆ ನಿನ್ನದು 10, ಅವಳದು 9ಕ್ಕಿಂತ ಸ್ವಲ್ಪ ಕಡಿಮೆ, 8.9. ಅವಳು ಏನೂ ತಪ್ಪು ಮಾಡದೆ ಹತ್ತನೇ ಒಂದು ಪಾಲು ಕಳೆದುಕೊಂಡಳು. ಮೂರನೆಯದು ಆ ಪ್ರಶ್ನೆಗೆ ಎಲ್ಲರಿಗೂ ಅಂಕ ಕೊಟ್ಟುಬಿಡುವುದು. ನಿನಗೆ 10, ಅವಳಿಗೆ 9 ಹಾಗೇ ಇರುತ್ತೆ, ಯಾರದ್ದೂ ಇಳಿಯುವುದಿಲ್ಲ. ಸರಿಯಾದ ಉತ್ತರವೇ ಇಲ್ಲದ ಪ್ರಶ್ನೆಗೆ ನಾನು ಮಾಡುವುದು ಇದನ್ನೇ. ಪತ್ರದ ಕೊನೆಯ ಸಾಲು ಹಾಕಿರುವುದೂ ಇದಕ್ಕೇ. ಕಳಿಸುವ ಮೊದಲು ಅದನ್ನು ಅವಳಿಗೂ ಒಮ್ಮೆ ಓದಲು ಕೊಡು.